ಭಿಕ್ಷೆ ಬೇಡದ ಸನ್ಯಾಸಿಗಳು: ಈಜಿಪ್ಟಿನ ಮರಳುಗಾಡಿನಲ್ಲಿ ಹೊಟ್ಟೆಪಾಡು ಹೇಗೆ ನಡೆಯುತ್ತಿತ್ತು?

ಅರೆಬರೆ ಓದುಗ
ಈಜಿಪ್ಟಿನ ಮರುಭೂಮಿಯ ಕ್ರೈಸ್ತ ತಪಸ್ವಿಗಳ ಬಗ್ಗೆ ಏನು ಓದಿದರೂ ದೆವ್ವಗಳ ಜತೆ ಗುದ್ದಾಟ, ದರ್ಶನ, ಉಪವಾಸ, ಇಷ್ಟೇ ಸಿಗುತ್ತದೆ. ನನ್ನ ಪ್ರಶ್ನೆ ಹೊಟ್ಟೆಯದು. ನಮ್ಮಲ್ಲಿ ಸನ್ಯಾಸಿ ಅಂದರೆ ಜೋಳಿಗೆ ಇರುತ್ತದೆ, ಭಿಕ್ಷೆ ಹಾಕುವ ಊರು ಹತ್ತಿರದಲ್ಲಿರುತ್ತದೆ. 4ನೇ ಶತಮಾನದ ಸ್ಕೀಟಿಸ್‌ನಂಥ ಜಾಗದಲ್ಲಿ, ಅಂದರೆ ಇಂದಿನ ವಾದಿ ನತ್ರೂನ್‌ನಲ್ಲಿ, ಭಿಕ್ಷೆ ಹಾಕುವವರು ಯಾರು? ಒಬ್ಬ ಮನುಷ್ಯ ವರ್ಷಗಟ್ಟಲೆ ಅಲ್ಲಿ ಬದುಕಬೇಕಾದರೆ ದಿನಕ್ಕೆ ಏನು ತಿನ್ನುತ್ತಿದ್ದ, ಅದು ಎಲ್ಲಿಂದ ಬರುತ್ತಿತ್ತು? ಪವಾಡದ ಕಾಗೆ ರೊಟ್ಟಿ ತಂದುಕೊಟ್ಟ ಕಥೆ ಬೇಡ, ದಯವಿಟ್ಟು.

ಕಾವೇರಿ ಕಡೆಯವಳು
ಅಂತೋಣಿಯವರ ಬಗ್ಗೆ ಕೇಳ್ತಿದ್ದೀರಾ? ದೋರನಹಳ್ಳಿಯಲ್ಲಿ ಜೂನ್ 13ಕ್ಕೆ ಅವರ ಹಬ್ಬ. ಅಲ್ಲಿ ಬಂದವರಿಗೆಲ್ಲ ಊಟ ಇರುತ್ತದೆ. ಅವರ ಕಾಲದಲ್ಲೂ ಭಕ್ತರೇ ತಂದುಕೊಡುತ್ತಿದ್ದರು ಅಂತ ಕಾಣುತ್ತೆ.

ನೈಲ್‌ದಂಡೆ
ದೋರನಹಳ್ಳಿಯ ಅಂತೋಣಿಯವರು ಪಾದುವಾದವರು, 13ನೇ ಶತಮಾನದವರು. ಇಲ್ಲಿ ಮಾತು ಮರುಭೂಮಿಯ ತಪಸ್ವಿ, ಈಜಿಪ್ಟಿನ ಆಂಟನಿಯದ್ದು. ಅವರ ದಿನ ಜನವರಿ 17, ಸತ್ತದ್ದು 356ರಲ್ಲಿ. ಆದರೆ ನಂಟು ಇದೆ: ಪಾದುವಾದವರ ಹುಟ್ಟುಹೆಸರು ಬೇರೆ, ಫ್ರಾನ್ಸಿಸ್ಕನ್ ಪಂಥ ಸೇರಿದಾಗ ಈಜಿಪ್ಟಿನವರ ಹೆಸರನ್ನೇ ಇಟ್ಟುಕೊಂಡರು. ಹಾಗಾಗಿ ದೋರನಹಳ್ಳಿಯಲ್ಲಿ ಕೂಗುವ ಹೆಸರು ಮೂಲದಲ್ಲಿ ನೈಲ್ ದಂಡೆಯದ್ದೇ.

ಮೂಲ ಪ್ರಶ್ನೆಗೆ ಬರುತ್ತೇನೆ. ಅವರು ಬೇಡುತ್ತಿರಲಿಲ್ಲ, ದುಡಿಯುತ್ತಿದ್ದರು. ಈಜಿಪ್ಟಿನ ಸನ್ಯಾಸಕ್ಕೂ ನಮಗೆ ಗೊತ್ತಿರುವ ಸನ್ಯಾಸಕ್ಕೂ ದೊಡ್ಡ ವ್ಯತ್ಯಾಸ ಇದೇ. ಸ್ಕೀಟಿಸ್‌ನಲ್ಲಿ ಮುಖ್ಯ ಕಸುಬು ಖರ್ಜೂರದ ಗರಿಯದ್ದು: ಹಗ್ಗ, ಬುಟ್ಟಿ. ಜೌಗು ಇರುವ ಕಡೆ ಹೋಗಿ ಗರಿ ಕಡಿದು ಹೊತ್ತು ತರಬೇಕು, ನೀರಿನಲ್ಲಿ ನೆನೆಹಾಕಬೇಕು, ಎಲೆ ಸೀಳಬೇಕು, ಉದ್ದಕ್ಕೆ ಜಡೆಯ ಹಾಗೆ ಪಟ್ಟಿ ಹೆಣೆಯುತ್ತ ಹೋಗಬೇಕು. ಆ ಪಟ್ಟಿಯನ್ನು ಸುರುಳಿ ಸುತ್ತಿ ಅಂಚಿಗೆ ಅಂಚು ಹೊಲಿದರೆ ಬುಟ್ಟಿ. ಮೆಗೆಥಿಯಸ್ ಎಂಬ ಒಬ್ಬರ ಆಸ್ತಿಯೇ ಗರಿ ಸೀಳುವ ಒಂದು ದಬ್ಬಣ. ದಿನಕ್ಕೆ ಮೂರು ಬುಟ್ಟಿ, ಅವರ ಊಟಕ್ಕೆ ಅಷ್ಟು ಸಾಕಾಗುತ್ತಿತ್ತು.

ಈ ಕೆಲಸವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಸರಳ. ಕೈ ತಾನಾಗಿ ಓಡುತ್ತದೆ, ಬಾಯಿ ಕೀರ್ತನೆ ಹೇಳಿಕೊಳ್ಳಲು ಬಿಡುವಾಗಿರುತ್ತದೆ. ಕೂತಲ್ಲೇ ಆಗುತ್ತದೆ, ಎರಡನೆಯವರು ಬೇಡ, ಬಂಡವಾಳವೂ ಬೇಡ. ಹೊಲ ಮಾಡಿದರೆ ನೀರಿನ ಸರದಿ, ಕಂದಾಯ, ನೆರೆಹೊರೆಯ ಜಗಳ ಎಲ್ಲ ಹಿಂದೆಯೇ ಬರುತ್ತವೆ.

ಖಡಕ್ ಮಾತು
ಬುಟ್ಟಿ ಹೆಣದ್ರು, ಖರೇ. ಮರಳಿನ್ಯಾಗ ಅದನ್ನ ಕೊಳ್ಳಾವ್ರು ಯಾರ್ರೀ? ಒಂಟಿಗೆ ಮಾರ್ತಿದ್ರೇನು?

ನೈಲ್‌ದಂಡೆ
ಒಂಟೆಗಲ್ಲ, ಒಂಟೆಯವನಿಗೆ. 🙂 ಒಂಟೆ ಹೊಡೆಯುವವನು ಗುಡಿಸಲಿನಿಂದ ಗುಡಿಸಲಿಗೆ ಬಂದು ಸರಕು ಎತ್ತಿಕೊಂಡು ಡೆಲ್ಟಾದ ಊರುಗಳಿಗೆ ಒಯ್ಯುತ್ತಿದ್ದ. ಕುಳ್ಳ ಯೋಹಾನ ಅಂತ ಸ್ಕೀಟಿಸ್‌ನವರೊಬ್ಬರಿದ್ದರು, ಮರೆಗುಳಿ. ಒಂಟೆಯವನು ಬಾಗಿಲಿಗೆ ಬಂದು ನಿಂತಿದ್ದಾನೆ, ಇವರು ಹಗ್ಗ ತರಲು ಒಳಗೆ ಹೋಗುತ್ತಾರೆ, ಧ್ಯಾನದಲ್ಲಿ ಮರೆತು ಕೂತುಬಿಡುತ್ತಾರೆ. ಅವನು ಮತ್ತೆ ಬಾಗಿಲು ಬಡಿದರೂ ಅದೇ ಕಥೆ. ಮೂರನೇ ಸಲ "ಹಗ್ಗ, ಒಂಟೆ, ಹಗ್ಗ, ಒಂಟೆ" ಅಂತ ಗೊಣಗಿಕೊಳ್ಳುತ್ತ ಒಳಗೆ ಹೋಗಿ ತಂದುಕೊಟ್ಟರಂತೆ. ಇನ್ನೊಮ್ಮೆ ಎರಡು ಬುಟ್ಟಿಗೆ ಆಗುವಷ್ಟು ಪಟ್ಟಿಯನ್ನು ಒಂದೇ ಬುಟ್ಟಿಗೆ ಹೊಲಿದು, ಅದು ಗೋಡೆಗೆ ತಾಗಿದಾಗಲೇ ಅವರಿಗೆ ಗೊತ್ತಾದದ್ದು. ಭಕ್ತಿಗಾಗಿ ಹೇಳಿದ ಕಥೆಗಳೇ ಇವು. ಆದರೂ ವ್ಯಾಪಾರ ಹೇಗೆ ನಡೆಯುತ್ತಿತ್ತು ಅನ್ನುವುದು ಅವುಗಳ ಹಿನ್ನೆಲೆಯಲ್ಲೇ ಕಾಣುತ್ತದೆ. ಕಥೆ ಹೇಳಿದವನಿಗೆ ಒಂಟೆಯವನು ಬರುವುದು ಮಾಮೂಲು ಸಂಗತಿ, ಅದಕ್ಕೇ ಅವನ ಬಗ್ಗೆ ವಿವರಣೆಯೇ ಇಲ್ಲ.

ಸಾಗಾಟ ಕೈಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ, ಈ ಸನ್ಯಾಸಿಗಳ ಜತೆ ಇದ್ದು ಅವರ ಬಗ್ಗೆ ಬರೆದ ಕ್ಯಾಸಿಯನ್ ಒಂದು ಪ್ರಸಂಗ ಬರೆದಿಟ್ಟಿದ್ದಾನೆ. ಪೌಲ ಎಂಬ ಹಿರಿಯರು ಊರಿಂದ ಏಳು ದಿನದ ದಾರಿಯಷ್ಟು ಒಳಗಿದ್ದರು. ಅಲ್ಲಿ ಖರ್ಜೂರದ ಮರಗಳಿದ್ದವು, ಸಣ್ಣ ತೋಟವೂ ಇತ್ತು, ಊಟಕ್ಕೆ ತೊಂದರೆ ಇರಲಿಲ್ಲ. ಆದರೆ ಬುಟ್ಟಿ ಸಾಗಿಸುವ ಬಾಡಿಗೆ ಬುಟ್ಟಿಯ ಬೆಲೆಗಿಂತ ಹೆಚ್ಚು. ಆದರೂ ಅವರು ದಿನವೂ ಇಷ್ಟು ಅಂತ ಗೊತ್ತುಮಾಡಿಕೊಂಡು ಗರಿಯ ಕೆಲಸ ಮಾಡುತ್ತಿದ್ದರು. ವರ್ಷ ತುಂಬುವಷ್ಟರಲ್ಲಿ ಗುಹೆ ತುಂಬುತ್ತಿತ್ತು. ಆಗ ಎಲ್ಲಕ್ಕೂ ಬೆಂಕಿ ಹಚ್ಚಿ ಮತ್ತೆ ಮೊದಲಿನಿಂದ ಶುರು. ಕೆಲಸ ಹೊಟ್ಟೆಗೆ ಮಾತ್ರ ಅಲ್ಲ ಅಂತ ತೋರಿಸಲು ಕ್ಯಾಸಿಯನ್ ಇದನ್ನು ಹೇಳುತ್ತಾನೆ. ನನಗೆ ಇದರಲ್ಲಿ ಇನ್ನೊಂದು ಕಾಣುತ್ತದೆ: ಸ್ಕೀಟಿಸ್, ನಿಟ್ರಿಯಾ, ಕೆಲ್ಲಿಯಾ ಈ ಮೂರೂ ಸನ್ಯಾಸಿ ನೆಲೆಗಳು ಡೆಲ್ಟಾದ ಅಂಚಿನಲ್ಲೇ ಬೆಳೆದದ್ದು ಯಾಕೆ ಅನ್ನುವುದು. ಬುಟ್ಟಿಯ ಬೆಲೆಗಿಂತ ಬಾಡಿಗೆ ಕಡಿಮೆ ಇರುವಷ್ಟು ದೂರ ಮಾತ್ರ ಗುಂಪು ಒಳಗೆ ಹೋಗಬಹುದಿತ್ತು.

ಈಚಲುಮರ
ಗರಿ ನೆನೆಸುವ ಬಗ್ಗೆ ಒಂದು ಮಾತು. ನಮ್ಮ ಈಚಲು ಖರ್ಜೂರದ ಹತ್ತಿರದ ಸಂಬಂಧಿಯೇ. ಈಚಲು ಚಾಪೆ ಹೆಣೆಯುವವರಿಗೆ ಇದು ಗೊತ್ತಿರುತ್ತದೆ: ಒಣಗಿದ ಗರಿಯನ್ನು ನೆನೆಸದೆ ಮಡಿಸಿದರೆ ಮಡಿಕೆಯಲ್ಲೇ ಸೀಳುತ್ತದೆ. ನೆನೆಸಿ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಬಾಗುತ್ತದೆ. ದಿನಗಟ್ಟಲೆ ನೀರಲ್ಲೇ ಬಿಟ್ಟರೆ ಕಪ್ಪಾಗಿ ಕೊಳೆತು ನಾರುತ್ತದೆ, ಹೆಣೆದ ಮೇಲೂ ವಾಸನೆ ಹೋಗುವುದಿಲ್ಲ. ಒದ್ದೆಯಲ್ಲೇ ಬಿಗಿಯಾಗಿ ಹೆಣೆದರೂ ಒಣಗಿದಾಗ ಸ್ವಲ್ಪ ಸಡಿಲ ಆಗಿಯೇ ಆಗುತ್ತದೆ, ಹಾಗಾಗಿ ಪಟ್ಟಿ ಒಣಗಿದ ಮೇಲೆ ಎಳೆದು ಹೊಲಿಯಬೇಕು. ಅಲ್ಲಿ ನೀರಿನ ಬರ ಇದ್ದಾಗ ನೆನೆಸುವ ನೀರನ್ನು ಹೇಗೆ ಬದಲಿಸುತ್ತಿದ್ದರು?

ನೈಲ್‌ದಂಡೆ
ಒಳ್ಳೆ ಪ್ರಶ್ನೆ, ಇದಕ್ಕೆ ನೇರ ಉತ್ತರವೇ ಇದೆ. ಅರ್ಸೇನಿಯಸ್ ಎಂಬವರು ಮೊದಲು ಕಾನ್‌ಸ್ಟಾಂಟಿನೋಪಲ್‌ನ ಅರಮನೆಯಲ್ಲಿದ್ದವರು. ಸ್ಕೀಟಿಸ್‌ಗೆ ಬಂದ ಮೇಲೆ ಗರಿಯ ನೀರನ್ನು ವರ್ಷಕ್ಕೊಮ್ಮೆ ಮಾತ್ರ ಚೆಲ್ಲುತ್ತಿದ್ದರು. ಉಳಿದಂತೆ ಕಡಿಮೆಯಾದಷ್ಟು ಮೇಲಿಂದ ಸುರಿಯುವುದು. ಕೋಣೆಯೆಲ್ಲ ನಾತ. ಹಿರಿಯರು ಬಂದು ಯಾಕಪ್ಪಾ ಹೀಗೆ ಅಂದರೆ, ಲೋಕದಲ್ಲಿದ್ದಾಗ ಅನುಭವಿಸಿದ ಸುಗಂಧಕ್ಕೆ ಬದಲಾಗಿ ಇದು ಅಂದರಂತೆ. ನಿಮ್ಮ ಮಾತು ಓದಿದ ಮೇಲೆ ಈ ಕಥೆಯ ತೂಕ ಹೆಚ್ಚಾಯಿತು. ಹಿರಿಯರು ಕೇಳಿದ್ದಾರೆಂದರೆ ಉಳಿದವರು ನೀರು ಬದಲಿಸುತ್ತಿದ್ದರು ಎಂದೇ ಅರ್ಥ. ನಾರುವ ನೀರನ್ನು ಹಾಗೇ ಇಡುವುದು ಅವರ ವಾಡಿಕೆ ಆಗಿರಲಿಲ್ಲ, ಅದು ಅರ್ಸೇನಿಯಸ್ ಬೇಕೆಂದೇ ವಹಿಸಿಕೊಂಡ ಶಿಕ್ಷೆ.

ಲೆಕ್ಕಿಗ
ಊಟದ ಲೆಕ್ಕ ಯಾರೂ ಹೇಳಲಿಲ್ಲ. ದಿನಕ್ಕೆ ಎಷ್ಟು ರೊಟ್ಟಿ?

ನೈಲ್‌ದಂಡೆ
ದಿನಕ್ಕೆ ಎರಡು ಸಣ್ಣ ರೊಟ್ಟಿ. ಎರಡೂ ಸೇರಿ ಒಂದು ರೋಮನ್ ಪೌಂಡಿಗೆ ಬಂದರೆ ಹೆಚ್ಚು ಅನ್ನುತ್ತಾನೆ ಕ್ಯಾಸಿಯನ್. ರೋಮನ್ ಪೌಂಡ್ ಅಂದರೆ ಸುಮಾರು 327 ಗ್ರಾಂ. ಸುಟ್ಟು ಪೂರ್ತಿ ಒಣಗಿಸಿದ ರೊಟ್ಟಿ ಅದು, ನಮ್ಮ ರಸ್ಕ್‌ನಷ್ಟು ಗಟ್ಟಿ. ನೀರಲ್ಲಿ ನೆನೆಸಿ ಉಪ್ಪು ಹಾಕಿಕೊಂಡು ತಿನ್ನಬೇಕು. ಹೊತ್ತು ಒಂಬತ್ತನೇ ತಾಸು, ಅಂದರೆ ಮಧ್ಯಾಹ್ನ ಮೂರರ ಸುಮಾರಿಗೆ. ಅಲ್ಲಿಯವರೆಗೆ ಖಾಲಿ ಹೊಟ್ಟೆ.

ಎರಡನ್ನೂ ಒಂದೇ ಸಲ ತಿನ್ನಬೇಕೋ, ಒಂದನ್ನು ಇಟ್ಟುಕೊಳ್ಳಬೇಕೋ ಅನ್ನುವುದೂ ಅವರಲ್ಲಿ ಚರ್ಚೆಯ ವಿಷಯ. ಕೆಲವರು ಒಂದನ್ನು ಮೂರು ಗಂಟೆಗೆ ತಿಂದು ಇನ್ನೊಂದನ್ನು ಸಂಜೆಗೆ ಇಡುತ್ತಿದ್ದರು, ಅತಿಥಿ ಬಂದರೆ ಜತೆಗೆ ಕೂತು ತಿನ್ನಲು. ಇದು ಜಾಣತನ ಅಂತ ಕ್ಯಾಸಿಯನ್ನನ ಮಾತಿನಲ್ಲಿ ಬರುತ್ತದೆ: ಎರಡನ್ನೂ ಮೊದಲೇ ತಿಂದವನು ಅತಿಥಿಯ ಜತೆ ಮತ್ತೆ ತಿಂದರೆ ಹೊಟ್ಟೆ ಭಾರ, ತಿನ್ನದಿದ್ದರೆ ಅತಿಥಿಗೆ ಅವಮಾನ.

ಖಡಕ್ ಮಾತು
ಇದು ನಮ್ಮ ಖಡಕ್ ರೊಟ್ಟೀನ ಆತಲ್ರೀ! ಜ್ವಾಳದ ರೊಟ್ಟಿ ಬಡದು, ಹಂಚಿನ ಮ್ಯಾಲೆ ಒಣಗಿಸಿ, ಬಟ್ಟಿ ಕಟ್ಟಿ ಇಟ್ರ ತಿಂಗಳಾನುಗಟ್ಟಲೆ ಕೆಡೂದಿಲ್ಲ. ಆಂಟನಿ ಹೆಸರಿನ ಮನಷ್ಯಾ ಆರಾರು ತಿಂಗಳಿನ ರೊಟ್ಟಿ ಒಮ್ಮೆಗೇ ಇಟ್ಕೊಂತಿದ್ದ ಅಂತ ಎಲ್ಲೋ ಓದೀನಿ. ಹಂಗಾರ ಅವನೂ ನಮ್ಮವನ.

ನೈಲ್‌ದಂಡೆ
ಅರ್ಧ ಸರಿ. ಪಾಳುಬಿದ್ದ ಕೋಟೆಯೊಳಗೆ ಆಂಟನಿ ಬಾಗಿಲು ಮುಚ್ಚಿಕೊಂಡು ಸುಮಾರು 20 ವರ್ಷ ಇದ್ದಾಗ ಆರು ತಿಂಗಳ ರೊಟ್ಟಿ ಒಳಗಿಟ್ಟುಕೊಳ್ಳುತ್ತಿದ್ದರು. ಥೀಬ್ಸ್ ಕಡೆಯವರ ರೂಢಿ ಅದು, ಒಂದು ವರ್ಷದವರೆಗೂ ಕೆಡುವುದಿಲ್ಲ ಅಂತ ಆಂಟನಿಯ ಜೀವನಚರಿತ್ರೆ ಬರೆದ ಅಥನೇಸಿಯಸ್ ಹೇಳುತ್ತಾನೆ. ಆದರೆ ಖಡಕ್ ರೊಟ್ಟಿ ತೆಳ್ಳಗೆ ಬಡಿದದ್ದು, ಕಡಿದರೆ ಮುರಿಯುತ್ತದೆ. ಅದು ಗುಂಡನೆಯ ದಪ್ಪ ಗೋಧಿ ರೊಟ್ಟಿ, ನೆನೆಸದೆ ಹಲ್ಲಿಗೆ ಬಗ್ಗುವುದಿಲ್ಲ. ಕೆಡದಿರುವ ಗುಟ್ಟು ಮಾತ್ರ ಎರಡಕ್ಕೂ ಒಂದೇ: ಒಳಗೆ ಪಸೆ ಉಳಿಯಬಾರದು. ದಪ್ಪ ರೊಟ್ಟಿಯ ನಡುವೆ ಹಸಿ ಉಳಿದರೆ ಬೂಸ್ಟು ಒಳಗಿಂದಲೇ ಶುರುವಾಗುತ್ತದೆ, ಮೇಲಿಂದ ಕಾಣುವುದೂ ಇಲ್ಲ.

ಆಂಟನಿಯವರೇ ಮುಂದೆ ಕೆಂಪು ಸಮುದ್ರದ ಕಡೆಯ ಬೆಟ್ಟಕ್ಕೆ ಹೋದಾಗ, ಅಷ್ಟು ದೂರ ರೊಟ್ಟಿ ಹೊತ್ತು ತರುವವರಿಗೆ ಕಷ್ಟವಾಗುತ್ತದೆಂದು ಒಂದು ಸಲಿಕೆ, ಒಂದು ಕೊಡಲಿ, ಸ್ವಲ್ಪ ಗೋಧಿ ತರಿಸಿಕೊಂಡು ತಾವೇ ಬಿತ್ತಿದರು. ಭಿಕ್ಷೆ ಅನ್ನುವುದು ಅವರಿಗೆ ಒಂದು ಆದರ್ಶವೇ ಆಗಿರಲಿಲ್ಲ.

ಲೆಕ್ಕಿಗ
ಸರಿ, 327 ಗ್ರಾಂ ಒಣ ರೊಟ್ಟಿ ಅಂದರೆ ಸುಮಾರು 1,200 ಕ್ಯಾಲೊರಿ. ದಿನವಿಡೀ ಕೂತು ಬುಟ್ಟಿ ಹೆಣೆಯುವ ಸಣಕಲು ಮನುಷ್ಯನಿಗೂ ಅದಕ್ಕಿಂತ ಹೆಚ್ಚು ಬೇಕು. ರೊಟ್ಟಿ ಪೂರ್ತಿ ಒಣಗಿರದಿದ್ದರೆ ಲೆಕ್ಕ ಇನ್ನೂ ಕೆಳಗೆ ಹೋಗುತ್ತದೆ. ಒಂದೋ ಈ ಪ್ರಮಾಣ ಉತ್ಪ್ರೇಕ್ಷೆ, ಇಲ್ಲವೇ ಬೇರೇನೋ ತಿನ್ನುತ್ತಿದ್ದರು.

ಈಗ ಗೋಧಿಯ ಕಡೆಯಿಂದ ನೋಡೋಣ. ವರ್ಷಕ್ಕೆ 327 ಗ್ರಾಂ × 365 ಅಂದರೆ ಸುಮಾರು 120 ಕಿಲೋ ರೊಟ್ಟಿ. ಅದಕ್ಕೆ ಹೆಚ್ಚುಕಡಿಮೆ ಅಷ್ಟೇ ತೂಕದ ಗೋಧಿ ಅಂತಿಟ್ಟುಕೊಳ್ಳಿ. ಅಷ್ಟನ್ನು ಬುಟ್ಟಿಯಿಂದಲೇ ಗಳಿಸುತ್ತಿದ್ದರಾ?

ನೈಲ್‌ದಂಡೆ
ಬುಟ್ಟಿ ಒಂದು ದಾರಿ. ಎರಡನೆಯದು ಸುಗ್ಗಿ. ಕೊಯ್ಲಿನ ಕಾಲಕ್ಕೆ ಸ್ಕೀಟಿಸ್‌ನವರು ಗುಂಪಾಗಿ ಹೊಲಗಳಿಗೆ ಕೂಲಿಗೆ ಇಳಿಯುತ್ತಿದ್ದರು, ಕೂಲಿ ಕಾಳಿನಲ್ಲಿ. ಫಯೂಮ್ ಕಡೆ ಸೆರಾಪಿಯನ್ ಎಂಬವರ ಹತ್ತಿರ ಇದ್ದ ಸನ್ಯಾಸಿಗಳು ತಲೆಗೆ 12 ಅರ್ತಬದಷ್ಟು ಗಳಿಸುತ್ತಿದ್ದರು ಅಂತ 394-95ರಲ್ಲಿ ಅಲ್ಲೆಲ್ಲ ಸುತ್ತಾಡಿದ ಯಾತ್ರಿಕರು ಬರೆದಿದ್ದಾರೆ. ಒಂದು ಅರ್ತಬ ಗೋಧಿ ಸುಮಾರು 30 ಕಿಲೋ ಅಂತ ಹಿಡಿಯಿರಿ.

ಲೆಕ್ಕಿಗ
ಅಂದರೆ 360 ಕಿಲೋ. ನನ್ನ 120 ಕಿಲೋ ಲೆಕ್ಕಕ್ಕೆ ನಾಲ್ಕೇ ಅರ್ತಬ ಸಾಕು. ಉಳಿದ ಎಂಟು ಎಲ್ಲಿ ಹೋಯಿತು?

ನೈಲ್‌ದಂಡೆ
ಬಡವರಿಗೆ. ಅದೇ ಯಾತ್ರಿಕರ ಪ್ರಕಾರ ಹೆಚ್ಚಿನ ಪಾಲು ಸೆರಾಪಿಯನ್ ಕೈಗೆ ಹೋಗಿ, ಅಲ್ಲಿಂದ ಹಂಚಿಕೆಯಾಗುತ್ತಿತ್ತು. ಸುತ್ತಲಿನ ಬಡವರಿಗೆ ಕೊಟ್ಟು ಮಿಕ್ಕದ್ದು ದೋಣಿಯಲ್ಲಿ ಅಲೆಕ್ಸಾಂಡ್ರಿಯಾಕ್ಕೂ ಹೋಗುತ್ತಿತ್ತು. ನಿಮ್ಮ ಲೆಕ್ಕದ ಚಂದ ಇದು: ಊಟ ಅಷ್ಟು ಸಣ್ಣದಾದ್ದರಿಂದಲೇ ಕೂಲಿಯ ಮೂರರಲ್ಲಿ ಎರಡು ಪಾಲು ಉಳಿಯಿತು. ಭಿಕ್ಷೆ ತೆಗೆದುಕೊಳ್ಳುವ ಬದಲು ಕೊಡುವ ಸನ್ಯಾಸ.

ಕ್ಯಾಲೊರಿ ಬಗ್ಗೆ ನಿಮ್ಮ ಅನುಮಾನ ಸರಿಯೇ. ಎರಡು ರೊಟ್ಟಿ ಅನ್ನುವುದು ವಾರದ ಐದು ದಿನಗಳ ಗುಡಿಸಲಿನ ಊಟ. ಶನಿವಾರ ಎಲ್ಲರೂ ನಡೆದು ಚರ್ಚಿಗೆ ಸೇರುತ್ತಿದ್ದರು, ಭಾನುವಾರ ಪೂಜೆ ಮುಗಿಸಿ ವಾಪಸ್ಸು. ಅಲ್ಲಿ ಒಟ್ಟಿಗೆ ಕೂತು ಊಟ, ಬೇಯಿಸಿದ್ದೂ ಇರುತ್ತಿತ್ತು. ಯಾರಾದರೂ ಬಂದರೆ ಉಪವಾಸ ಮುರಿಯುವುದು ಕಟ್ಟಳೆಯೇ. ಸ್ವಲ್ಪ ಎಣ್ಣೆ, ಕಾಳು, ಸೊಪ್ಪು ಕೂಡ ಅಲ್ಲಲ್ಲಿ ಬರುತ್ತವೆ.

ಪೂರ್ತಿ ಕಟ್ಟುನಿಟ್ಟಾಗಿ ಇದ್ದವರಿಗೆ ಏನಾಯಿತು ಅನ್ನುವುದಕ್ಕೆ ಎವಾಗ್ರಿಯಸ್‌ನನ್ನು ನೋಡಿ. ಕೆಲ್ಲಿಯಾದಲ್ಲಿದ್ದವನು, 399ರಲ್ಲಿ ತೀರಿಕೊಂಡ. ದಿನಕ್ಕೊಂದು ಪೌಂಡ್ ರೊಟ್ಟಿ, ಮೂರು ತಿಂಗಳಿಗೆ ಅರ್ಧ ಲೀಟರಿನಷ್ಟು ಎಣ್ಣೆ, ಸೊಪ್ಪು ಹಣ್ಣು ಏನೂ ಇಲ್ಲ, ಬೇಯಿಸಿದ್ದೂ ಇಲ್ಲ. ಹದಿನಾರನೇ ವರ್ಷಕ್ಕೆ ಹೊಟ್ಟೆ ಪೂರ್ತಿ ಕೆಟ್ಟುಹೋಯಿತು. ಕೊನೆಯ ಎರಡು ವರ್ಷ ರೊಟ್ಟಿಯನ್ನೇ ಬಿಟ್ಟು ಬೇಯಿಸಿದ ಸೊಪ್ಪು, ಗಂಜಿ, ಕಾಳಿನ ಮೇಲೆ ಬದುಕಿದ. ಇದನ್ನು ಬರೆದಿಟ್ಟವನು ಅವನ ಶಿಷ್ಯ ಪಲ್ಲಾಡಿಯಸ್‌ನೇ.

ಅರೆಬರೆ ಓದುಗ
ಹಾಗಾದರೆ ಎರಡು ಮೂರು ದಿನಕ್ಕೊಮ್ಮೆ ತಿನ್ನುವ ಉಪವಾಸಗಳು?

ನೈಲ್‌ದಂಡೆ
ಮಾಡಿದವರಿದ್ದರು. ಆದರೆ ಪೊಯ್ಮೆನ್ ಎಂಬ ಹಿರಿಯರನ್ನು ಇದೇ ಪ್ರಶ್ನೆ ಕೇಳಿದಾಗ ಬಂದ ಉತ್ತರದ ಸಾರ: ಹಿಂದಿನವರು ಅದನ್ನೆಲ್ಲ ಮಾಡಿ ನೋಡಿದ್ದಾರೆ, ದಿನವೂ ತಿನ್ನುವುದು, ಆದರೆ ಹೊಟ್ಟೆ ತುಂಬುವ ಮೊದಲೇ ಏಳುವುದು, ಇದೇ ವಾಸಿ ಅಂತ ಕಂಡುಕೊಂಡಿದ್ದಾರೆ. ಎರಡು ದಿನ ಬಿಟ್ಟು ತಿನ್ನುವವನು ಮೂರನೇ ದಿನ ಊಟವನ್ನೇ ಧ್ಯಾನಿಸುತ್ತಾನೆ, ಜತೆಗೆ ತಾನು ಮಾಡಿದ್ದು ದೊಡ್ಡದು ಅನ್ನುವ ಹೆಮ್ಮೆ ಬೇರೆ.

ದಿನಕ್ಕೊಂದೇ ಊಟಕ್ಕೂ ಅದರದ್ದೇ ಕಾಟ ಇತ್ತು. ನಡುಹಗಲಿನ ಬೇಸರದ ಬಗ್ಗೆ ಎವಾಗ್ರಿಯಸ್ ಬರೆದ ಭಾಗ ಪ್ರಸಿದ್ಧ: ಬೆಳಗಿನ ನಾಲ್ಕನೇ ತಾಸಿಗೆ ಹಿಡಿದದ್ದು ಎಂಟನೇ ತಾಸಿನವರೆಗೆ ಬಿಡುವುದಿಲ್ಲ, ಅಂದರೆ ನಮ್ಮ ಹತ್ತರಿಂದ ಎರಡು ಗಂಟೆ. ಸೂರ್ಯ ಚಲಿಸುತ್ತಿಲ್ಲ ಅನ್ನಿಸುತ್ತದೆ, ದಿನಕ್ಕೆ ಐವತ್ತು ತಾಸು ಇದ್ದಂತೆ. ಸನ್ಯಾಸಿ ಮತ್ತೆ ಮತ್ತೆ ಹೊರಗೆ ಬಂದು ಒಂಬತ್ತನೇ ತಾಸಿಗೆ ಎಷ್ಟು ದೂರ ಇದೆ ಅಂತ ಸೂರ್ಯನನ್ನು ನೋಡುತ್ತಾನೆ. ಒಂಬತ್ತನೇ ತಾಸೇ ಯಾಕೆ? ಊಟದ ಹೊತ್ತು! ಇದನ್ನು ಆಧ್ಯಾತ್ಮಿಕ ಖಿನ್ನತೆ ಅಂತಷ್ಟೇ ಓದುವವರು ಹಸಿವನ್ನು ಮರೆಯುತ್ತಾರೆ.

ಅಲೆಮಾರಿ
ಇಷ್ಟೆಲ್ಲ ಹೇಳಿ ಮೂಲ ಎಲ್ಲಿಯದು ಅಂತಲೇ ಹೇಳಲಿಲ್ಲ. ಇದು ಭಾರತದಿಂದ ಹೋದದ್ದು. ಅಶೋಕನ 13ನೇ ಶಾಸನದಲ್ಲಿ ಈಜಿಪ್ಟಿನ ಟಾಲೆಮಿಯ ಹೆಸರೇ ಇದೆ, ಧರ್ಮದೂತರು ಅಲ್ಲಿಗೆ ಹೋಗಿದ್ದರು. ಅಲೆಕ್ಸಾಂಡ್ರಿಯಾದ ಹತ್ತಿರ ಥೆರಪ್ಯೂಟೆ ಅನ್ನುವ ಗುಂಪು ಇತ್ತು, ಅದು ಬೌದ್ಧ "ಥೇರ"ರೇ. ಅಲ್ಲದೆ ಈಜಿಪ್ಟಿನ ಆಕ್ಸಿರಿಂಕಸ್ ಊರಿನ ಪಪೈರಸ್‌ನಲ್ಲಿ ಕನ್ನಡವೇ ಸಿಕ್ಕಿದೆ. ಅದೇ ಊರಲ್ಲಿ ಸಾವಿರಾರು ಸನ್ಯಾಸಿಗಳಿದ್ದರು. ಇನ್ನೇನು ಸಾಕ್ಷಿ ಬೇಕು?

ನೈಲ್‌ದಂಡೆ
ಒಂದೊಂದಾಗಿ. ಶಾಸನದಲ್ಲಿ ಟಾಲೆಮಿಯ ಹೆಸರಿರುವುದು ನಿಜ. ಅದು ಕ್ರಿ.ಪೂ. 3ನೇ ಶತಮಾನ. ಥೆರಪ್ಯೂಟೆಗಳನ್ನು ವರ್ಣಿಸಿದವನು ಫಿಲೋ, ಕ್ರಿ.ಶ. 1ನೇ ಶತಮಾನದವನು. ಅವನ ಮಾತಿನಲ್ಲಿ ಅವರು ಮೋಶೆಯ ಗ್ರಂಥ ಓದುವ, ಸಬ್ಬತ್ ಆಚರಿಸುವ ಯಹೂದಿಗಳು. ಹೆಸರು ಗ್ರೀಕಿನ "ಸೇವೆ ಮಾಡು, ವಾಸಿಮಾಡು" ಅನ್ನುವ ಧಾತುವಿನದ್ದು. ಆಂಟನಿಯ ಕಾಲಕ್ಕೂ ಅವರಿಗೂ ನಡುವೆ ಇನ್ನೂರು ಮುನ್ನೂರು ವರ್ಷದ ಖಾಲಿ ಜಾಗ. ಭಾರತದ ಬ್ರಾಹ್ಮಣರು, ಶ್ರಮಣರ ಬಗ್ಗೆ ಅಲೆಕ್ಸಾಂಡ್ರಿಯಾದ ಓದಿದವರಿಗೆ ಗೊತ್ತಿತ್ತು, ಅದರಲ್ಲಿ ಅನುಮಾನ ಇಲ್ಲ. ಗೊತ್ತಿತ್ತು ಅನ್ನುವುದು ಬೇರೆ, ಅದನ್ನು ನೋಡಿ ಕಾಪ್ಟಿಕ್ ರೈತನ ಮಗ ಮನೆ ಬಿಟ್ಟ ಅನ್ನುವುದು ಬೇರೆ.

ಆಕ್ಸಿರಿಂಕಸ್‌ನದ್ದು 2ನೇ ಶತಮಾನದ ಒಂದು ಗ್ರೀಕ್ ಪ್ರಹಸನ. ಅದರಲ್ಲಿ ಭಾರತದ ಕರಾವಳಿಯ ಪಾತ್ರಗಳು ಆಡುವ ಅರ್ಥವಾಗದ ಮಾತನ್ನು ಶಾಮಶಾಸ್ತ್ರಿಗಳು ಕನ್ನಡ ಅಂತ ಓದಿದರು. ಒಪ್ಪಿದವರೂ ಇದ್ದಾರೆ, ಬರೀ ಅರ್ಥವಿಲ್ಲದ ಗದ್ದಲ ಅಂದವರೂ ಇದ್ದಾರೆ. ಕನ್ನಡವೇ ಆದರೂ ಅದು ನಗಿಸುವ ನಾಟಕ, ಸನ್ಯಾಸಕ್ಕೂ ಅದಕ್ಕೂ ಸಂಬಂಧ ಇಲ್ಲ. ಊರು ಒಂದೇ ಅನ್ನುವುದಷ್ಟೇ ನಂಟು.

ಮೂಲ ಹುಡುಕಬೇಕಾದದ್ದು ಈಜಿಪ್ಟಿನ ಹಳ್ಳಿಯಲ್ಲೇ. ಫಯೂಮ್‌ನ ಕರನಿಸ್ ಎಂಬ ಹಳ್ಳಿಯ ಇಸಿಡೋರಸ್ ಅನ್ನುವ ರೈತ 324ರ ಜೂನ್‌ನಲ್ಲಿ ಒಂದು ದೂರು ಬರೆಸಿದ್ದಾನೆ. ಪಮೂನಿಸ್, ಹರ್ಪಾಲಸ್ ಎಂಬಿಬ್ಬರ ಹಸು ಅವನ ಬೆಳೆಗೆ ನುಗ್ಗಿ ಹಾಳುಮಾಡಿತು. ಇವನು ಹಸುವನ್ನು ಹಿಡಿದು ಊರಿಗೆ ಹೊಡೆದುಕೊಂಡು ಹೋಗುವಾಗ ಅವರಿಬ್ಬರೂ ದೊಡ್ಡ ದೊಣ್ಣೆ ಹಿಡಿದು ಅಡ್ಡ ಹಾಕಿ, ನೆಲಕ್ಕೆ ಕೆಡವಿ ಬಡಿದು, ಹಸು ಬಿಡಿಸಿಕೊಂಡರು. ಧರ್ಮಸೇವಕ ಅಂಟೋನಿನಸ್ ಮತ್ತು ಸನ್ಯಾಸಿ ಐಸಾಕ್ ಅಲ್ಲಿಗೆ ಬಾರದೇ ಇದ್ದಿದ್ದರೆ ನನ್ನನ್ನು ಮುಗಿಸಿಯೇ ಬಿಡುತ್ತಿದ್ದರು ಅನ್ನುತ್ತಾನೆ. ದಿನಾಂಕ ಇರುವ ಕಾಗದಪತ್ರಗಳಲ್ಲಿ "ಮೊನಖೋಸ್" ಅನ್ನುವ, ಸನ್ಯಾಸಿ ಎಂಬರ್ಥದ ಗ್ರೀಕ್ ಪದ ಮೊದಲು ಕಾಣುವುದು ಇಲ್ಲೇ.

ಗಮನಿಸಿ: ಐಸಾಕ್ ಮರಳುಗಾಡಿನಲ್ಲಿಲ್ಲ. ಹೊಲದ ಬದುವಿನಲ್ಲಿದ್ದಾನೆ, ಚರ್ಚಿನವನ ಜತೆ ನಡೆಯುತ್ತಿದ್ದಾನೆ. ರೈತನಿಗೆ ಆ ಪದವನ್ನು ಅಧಿಕಾರಿಗೆ ಬಿಡಿಸಿ ಹೇಳುವ ಅಗತ್ಯವೂ ಕಂಡಿಲ್ಲ.

ಅರೆಬರೆ ಓದುಗ
ಅಂದರೆ ಆಂಟನಿ ಮೊದಲಿಗರಲ್ಲ?

ನೈಲ್‌ದಂಡೆ
ಅಥನೇಸಿಯಸ್‌ನೇ ಹಾಗೆ ಹೇಳುವುದಿಲ್ಲ. 300 ಅರೂರ ಜಮೀನು, ಅಂದರೆ ಇನ್ನೂರು ಎಕರೆ ಹತ್ತಿರ, ಬಿಟ್ಟುಕೊಟ್ಟ ಆಂಟನಿ ಮೊದಲು ಹೋದದ್ದು ಪಕ್ಕದ ಹಳ್ಳಿಯ ಮುದುಕನೊಬ್ಬನ ಹತ್ತಿರ, ಚಿಕ್ಕಂದಿನಿಂದ ಒಂಟಿ ಬದುಕು ನಡೆಸಿದವನು ಅವನು. ತಂಗಿಯನ್ನು ನಂಬಿಕಸ್ತ ಕನ್ಯೆಯರ ವಶಕ್ಕೆ ಒಪ್ಪಿಸಿದರು. ಅಂದರೆ ಹೆಂಗಸರ ವ್ರತಜೀವನ ಆಗಲೇ ಊರಲ್ಲಿತ್ತು. ಆಂಟನಿಯಿಂದ ಹೊಸದಾಗಿ ಶುರುವಾದದ್ದು ದೂರ. ಊರಂಚಿನಿಂದ ಗೋರಿಗೆ, ಗೋರಿಯಿಂದ ಕೋಟೆಗೆ, ಕೋಟೆಯಿಂದ ಬೆಟ್ಟಕ್ಕೆ.

ಅಲೆಮಾರಿ
ಐಸಾಕ್ ಎಲ್ಲಿಂದ ಕಲಿತ ಅನ್ನುವುದಕ್ಕೆ ಇದು ಉತ್ತರ ಅಲ್ಲ. ನಾನು ಒಪ್ಪಲ್ಲ. ಬಿಡಿ.

ಕಾವೇರಿ ಕಡೆಯವಳು
ತಂಗಿಯ ವಿಷಯ ಗೊತ್ತಿರಲಿಲ್ಲ. ಹೀಗೆ ಒಬ್ಬೊಬ್ಬರೇ ಇದ್ದವರಿಗೆ ಜ್ವರ ಬಂದರೆ ಯಾರು ನೋಡಿಕೊಳ್ಳುತ್ತಿದ್ದರು? ಇವತ್ತಿನ ಕಾನ್ವೆಂಟ್ ಥರ ಒಟ್ಟಿಗೆ ಇರುವುದು ಯಾವಾಗ ಬಂತು?

ನೈಲ್‌ದಂಡೆ
ಜ್ವರಕ್ಕೆ ಶನಿವಾರವೇ ದಿಕ್ಕು. ನಿಟ್ರಿಯಾ, ಕೆಲ್ಲಿಯಾ ಕಡೆ ಗುಡಿಸಲುಗಳು ಒಂದಕ್ಕೊಂದು ಕಾಣದಷ್ಟು, ಕೇಳದಷ್ಟು ದೂರ. ಕೆಲವರು ಚರ್ಚಿಗೆ ಮೂರು ನಾಲ್ಕು ಮೈಲಿ ನಡೆಯಬೇಕಿತ್ತು. ವಾರದ ಕೂಟಕ್ಕೆ ಒಬ್ಬ ಬರಲಿಲ್ಲ ಅಂದರೆ ಕಾಯಿಲೆ ಬಿದ್ದಿದ್ದಾನೆ ಅಥವಾ ಸತ್ತಿದ್ದಾನೆ ಅಂತಲೇ ಲೆಕ್ಕ, ಹೋಗಿ ನೋಡುತ್ತಿದ್ದರು. ಸೋಮವಾರ ಬಿದ್ದವನ ಗತಿ ನೀವೇ ಊಹಿಸಿ.

ಒಟ್ಟಿಗೆ ಬಾಳುವ ಮಠ ಪಖೋಮಿಯಸ್‌ನದ್ದು. ಬಲವಂತವಾಗಿ ಸೈನ್ಯಕ್ಕೆ ಎಳೆದುಕೊಂಡು ಹೋಗಿ ಕೂಡಿಹಾಕಿದ್ದ ಹುಡುಗರಿಗೆ ಊರಿನ ಕ್ರೈಸ್ತರು ಊಟ ತಂದುಕೊಟ್ಟರು. ಅದನ್ನು ಕಂಡು ಮನಸ್ಸು ತಿರುಗಿದ ಹುಡುಗ ಅವನು. ಸುಮಾರು 323ರಲ್ಲಿ ತಬೆನ್ನೇಸಿಯಲ್ಲಿ ಶುರುಮಾಡಿದ. 346ರಲ್ಲಿ ಪ್ಲೇಗಿಗೆ ತುತ್ತಾಗುವಾಗ ಗಂಡಸರ ಒಂಬತ್ತು ಮಠ, ಹೆಂಗಸರ ಎರಡು. ಹೆಂಗಸರ ಮಠದ ಹೊಣೆ ಅವನ ಸೋದರಿಯದ್ದು. ಒಳಗೆ ಮನೆ ಮನೆಯಾಗಿ ವಿಂಗಡಣೆ, ಬಹುಮಟ್ಟಿಗೆ ಕಸುಬಿನ ಪ್ರಕಾರ. ಓದು ಬಾರದವನು ಒಪ್ಪಲಿ ಬಿಡಲಿ ಅಕ್ಷರ ಕಲಿಯಲೇಬೇಕು. ವರ್ಷಕ್ಕೆ ಎರಡು ಸಲ ಎಲ್ಲ ಮಠದವರೂ ಸೇರಬೇಕು, ಆಗಸ್ಟಿನಲ್ಲಿ ಲೆಕ್ಕಪತ್ರ ಒಪ್ಪಿಸಬೇಕು.

ಇಲ್ಲಿ ಹೊಟ್ಟೆಪಾಡಿನ ತೊಡಕು ಬೇರೆ ಥರದ್ದು. ಒಬ್ಬನ ದುಡಿಮೆ ಒಬ್ಬನಿಗಲ್ಲವಲ್ಲ. ದಿನಕ್ಕೊಂದು ಚಾಪೆ ಅಂತ ನಿಗದಿ. ಒಬ್ಬ ಎರಡು ಹೆಣೆದು, ಪಖೋಮಿಯಸ್ ಕೂತಿರುವ ಕಡೆ ಕಾಣುವ ಹಾಗೆ ಬಿಸಿಲಿಗೆ ಹರಡಿದ. ಮೆಚ್ಚುಗೆ ಬರಲಿಲ್ಲ, ಐದು ತಿಂಗಳು ಕೋಣೆಯಲ್ಲೇ ಇರುವ ಶಿಕ್ಷೆ ಬಂತು: ದಿನಕ್ಕೆ ಎರಡು ಚಾಪೆ, ಊಟಕ್ಕೆ ಬರೀ ರೊಟ್ಟಿ ಉಪ್ಪು. ಇನ್ನೊಂದು ಸಲ ಬರಗಾಲದಲ್ಲಿ ಗೋಧಿ ಕೊಳ್ಳಲು 100 ಚಿನ್ನದ ನಾಣ್ಯ ಕೊಟ್ಟು ಒಬ್ಬನನ್ನು ಕಳಿಸಿದರು. ಬೇರೆಲ್ಲೂ ನಾಣ್ಯಕ್ಕೆ ಐದು ಅರ್ತಬವೂ ಹುಟ್ಟುತ್ತಿರಲಿಲ್ಲ. ಸರ್ಕಾರಿ ಉಗ್ರಾಣದವನೊಬ್ಬ ಭಕ್ತಿಯಿಂದ 13ರ ಲೆಕ್ಕದಲ್ಲಿ, ಮಿಕ್ಕದ್ದು ಸಾಲ ಅಂತ ದೋಣಿ ತುಂಬಿಸಿದ. ಇವನು ಹಿಗ್ಗಿ ಬಂದ. ಪಖೋಮಿಯಸ್ ಒಂದು ಕಾಳನ್ನೂ ಒಳಗೆ ಬಿಡಲಿಲ್ಲ. ದಾರಿಯ ಊರುಗಳಲ್ಲಿ ಕೊಂಡ ದರಕ್ಕೇ ಮಾರಿ, ದುಡ್ಡು ವಾಪಸ್ಸು ಕೊಟ್ಟು, ಪೇಟೆಯ ದರದಲ್ಲಿ ಕೊಂಡು ತರಬೇಕಾಯಿತು.

ಲೆಕ್ಕಿಗ
ಇದು ಹಟಮಾರಿತನ. ಅಗ್ಗಕ್ಕೆ ಸಿಕ್ಕ ಗೋಧಿಯನ್ನು ಬಡವರಿಗೆ ಹಂಚಬಹುದಿತ್ತಲ್ಲ?

ನೈಲ್‌ದಂಡೆ
ಹಂಚಿದಂತೆಯೇ ಆಯಿತಲ್ಲ, ಬರದಲ್ಲಿ 13ರ ದರಕ್ಕೆ ಊರೂರಿಗೆ ಮಾರಿದರು. ಆದರೆ ಅವನ ಭಯ ಬೇರೆ ಅನ್ನಿಸುತ್ತದೆ. ಸಾಲದಲ್ಲಿ ತಂದ ಗೋಧಿ ಅಂದರೆ ಮಠ ಒಬ್ಬ ಅಧಿಕಾರಿಯ ಋಣಕ್ಕೆ ಬಿದ್ದಂತೆ, ದೋಣಿ ಮುಳುಗಿದ್ದರೆ ಎಲ್ಲರೂ ತೀರಿಸುತ್ತ ಕೂರಬೇಕಿತ್ತು. ಗುಡಿಸಲಿನವನು ಕೆಟ್ಟರೆ ಒಬ್ಬನೇ ಕೆಡುತ್ತಾನೆ.

ಖಡಕ್ ಮಾತು
ಎರಡೂ ಪದ್ಧತಿ ಒಂದಕ್ಕೊಂದು ಕೂಡಿ ಬರ್ತಿದ್ವೋ, ಇಲ್ಲಾ ಜಗಳನೋ?

ನೈಲ್‌ದಂಡೆ
ಒಂದು ಕಥೆ ಹೇಳಿ ಬಿಡುತ್ತೇನೆ, ಕಾಲಗಣನೆ ಕೂಡಿಬರುವುದಿಲ್ಲ ಅಂತ ಮೊದಲೇ ಎಚ್ಚರಿಸಿ. ಅಲೆಕ್ಸಾಂಡ್ರಿಯಾದ ಮಕಾರಿಯಸ್ ವೇಷ ಮರೆಸಿಕೊಂಡು ತಬೆನ್ನೇಸಿಗೆ ಹೋಗಿ ಸೇರಿಕೊಂಡರಂತೆ. ತಪಸ್ಸುಕಾಲ ಬಂತು. ಇವರು ಒಂದು ಮೂಲೆಯಲ್ಲಿ ನಿಂತು ಗರಿ ಹೆಣೆಯಲು ಶುರುಮಾಡಿದವರು ಈಸ್ಟರ್‌ವರೆಗೆ ಕೂರಲಿಲ್ಲ. ರೊಟ್ಟಿ ಮುಟ್ಟಲಿಲ್ಲ, ನೀರು ಮುಟ್ಟಲಿಲ್ಲ, ಭಾನುವಾರಕ್ಕೆ ಒಂದಿಷ್ಟು ಕೋಸಿನ ಎಲೆ. ಮಠದವರೆಲ್ಲ ಪಖೋಮಿಯಸ್ ಮುಂದೆ ಗಲಾಟೆ ಮಾಡಿದರು: ಈ ಮನುಷ್ಯನನ್ನು ಕಳಿಸು, ಇಲ್ಲದಿದ್ದರೆ ನಾವು ಹೊರಡುತ್ತೇವೆ. ಪಖೋಮಿಯಸ್ ಮಕಾರಿಯಸ್‌ಗೆ ಕೈಮುಗಿದು, ನನ್ನ ಹುಡುಗರ ಸೊಕ್ಕು ಇಳಿಸಿದಿರಿ, ಉಪಕಾರವಾಯಿತು, ಇನ್ನು ದಯಮಾಡಿ ಹೊರಡಿ ಅಂದನಂತೆ.

ಈಚಲುಮರ
ನಲವತ್ತು ದಿನ ನಿಂತುಕೊಂಡು ಹೆಣೆಯುವುದು ಇರಲಿ, ಗರಿ ಕಾಲಿನಿಂದ ಒತ್ತಿ ಹಿಡಿಯದೆ ಪಟ್ಟಿ ಬಿಗಿ ಬರುವುದು ಹೇಗೆ? ತುದಿಯನ್ನು ಗೋಡೆಯ ಗೂಟಕ್ಕೆ ಕಟ್ಟಿಕೊಂಡಿರಬೇಕು.

ನೈಲ್‌ದಂಡೆ
ಈ ಕಥೆ ಬರೆದಿಟ್ಟ ಪಲ್ಲಾಡಿಯಸ್ ಗೂಟದ ವಿಷಯ ಬರೆದಿಲ್ಲ. ಅವನು ಹೆಣೆಯುವವನಿಗಿಂತ ನೋಡುವವನೇ ಹೆಚ್ಚು.